ಗಿಣಿಯ ಕೊಕ್ಕು ಎಷ್ಟು ಉದ್ದ?

ಶಿಗ್ಗಾಂವಿಯ ಒಂದು ಚಹಾದಂಗಡಿಯಲ್ಲಿ ಪಾರ್ಲೆ-ಜಿ ಪ್ಯಾಕೆಟ್ ಒಡೆಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಪ್ಯಾಕೆಟ್ಟಿನ ಮೇಲಿನ ಕೂಸಿಗೆ ಬೆರಳು ತೋರಿಸಿ, "ಈ ಕೂಸು ಯಾರು ಗೊತ್ತೇನ್ರೀ? ನಮ್ಮ ಊರಾಕಿ" ಅಂದರು. ಅವರು ಹೇಳುತ್ತಿದ್ದದ್ದು ಸುಧಾ ಮೂರ್ತಿಯವರ ಬಗ್ಗೆ. ಸುಧಾ ಮೂರ್ತಿ ಹುಟ್ಟಿದ್ದು 1950ರಲ್ಲಿ ಶಿಗ್ಗಾಂವಿಯಲ್ಲಿ, ಅದು ನಿಜ. ಬಿಸ್ಕತ್ತಿನ ಕೂಸು ಅವರೇ ಎಂಬ ಸುದ್ದಿ ಫೋನಿನಿಂದ ಫೋನಿಗೆ ಓಡಾಡಿದ್ದೂ ನಿಜ. ನಾಗಪುರದ ಮಹಿಳೆಯೊಬ್ಬರ ಹೆಸರೂ ಇದೇ ರೀತಿ ಕೇಳಿಬಂದಿತ್ತು. ಕೊನೆಗೆ ಕಂಪನಿಯವರೇ ಬಾಯಿಬಿಟ್ಟರು. ಅದು ಯಾರ ಫೋಟೊವೂ ಅಲ್ಲ. 1960ರ ದಶಕದಲ್ಲಿ ಎವರೆಸ್ಟ್ ಎಂಬ ಜಾಹೀರಾತು ಸಂಸ್ಥೆಯ ಕಲಾವಿದ ಮಗನ್‌ಲಾಲ್ ದೈಯಾ ಬರೆದ ಚಿತ್ರ.

ನಾನು ಇದನ್ನು ಹೇಳಿದಾಗ ಹಿರಿಯರು ಒಪ್ಪಲಿಲ್ಲ. ಒಪ್ಪದಿದ್ದದ್ದರಲ್ಲೇ ಆ ಚಿತ್ರದ ಗೆಲುವಿದೆ. ಬರೆದ ಕೂಸಿಗೆ ಮಂದಿ ಊರು, ತಾಯಿ, ತವರು ಎಲ್ಲ ಹುಡುಕುತ್ತಾರೆಂದರೆ ಅದು ಕಾಗದದಿಂದ ಎದ್ದು ಬಂದಿದೆ ಎಂದೇ ಅರ್ಥ. ನಿಜವಾದ ಕೂಸಿನ ಫೋಟೊ ಹಾಕಿದ್ದರೆ ಆ ಕೂಸು ಬೆಳೆಯುತ್ತಿತ್ತು, ಮದುವೆಯಾಗುತ್ತಿತ್ತು, ಒಂದು ದಿನ ಬೇರೆ ಬಿಸ್ಕತ್ತಿನ ಜಾಹೀರಾತಿಗೂ ಬರುತ್ತಿತ್ತು. ಬರೆದ ಕೂಸಿಗೆ ಅರವತ್ತು ವರ್ಷವಾದರೂ ವಯಸ್ಸಾಗಿಲ್ಲ.

ಇದರ ತದ್ವಿರುದ್ಧ ಉದಾಹರಣೆಯೂ ಈ ಸೀಮೆಯಲ್ಲೇ ಇದೆ. ದೀಪಾವಳಿ ಮುಗಿದ ಮೇಲೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು, ಮೈಮೇಲೆ ಜೂಲ. ಪ್ರತಿ ಹೋರಿಗೂ ಹೆಸರು, ಹೆಸರಿಗೆ ತಕ್ಕ ಬಾವುಟ, ಅದರ ಚಿತ್ರವಿರುವ ಟೀ ಶರ್ಟು ತೊಟ್ಟ ಹುಡುಗರ ದಂಡು. ಬೆಂಗಳೂರಿನ ದೊಡ್ಡ ಕಂಪನಿಗಳು ಹಣ ಸುರಿದು ಪಡೆಯಲು ಹೆಣಗುವ ಅಭಿಮಾನ ಇಲ್ಲಿ ಹುಲ್ಲು ತಿನ್ನುವ ಪ್ರಾಣಿಗೆ ಪುಕ್ಕಟೆಯಾಗಿ ಸಿಕ್ಕಿರುತ್ತದೆ. ಆದರೆ ಹೋರಿಗೆ ಕಾಲು ಸೋಲುತ್ತದೆ, ವಯಸ್ಸಾಗುತ್ತದೆ, ಒಂದು ವರ್ಷ ಅಖಾಡಕ್ಕೆ ಇಳಿಯಲಾಗದೆ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಅಂಗಡಿಗೆ, ಕಂಪನಿಗೆ ಬೇಕಾದದ್ದು ಹೋರಿಯ ಮೇಲಿರುವಂಥ ಅಭಿಮಾನ, ಆದರೆ ಮುಪ್ಪಿಲ್ಲದ ಮೈ. ಮ್ಯಾಸ್ಕಾಟ್ ಅನ್ನುವುದು ಇದಕ್ಕೇ.

ನಮ್ಮಲ್ಲಿ ಹಿಂದಿನಿಂದಲೂ 'ಮಾರ್ಕು' ಇದ್ದೇ ಇದೆ. ಹುಲಿ ಮಾರ್ಕು, ಗಿಣಿ ಮಾರ್ಕು, ಕುದುರೆ ಮಾರ್ಕು. ಓದು ಬರದವರೂ ಅಂಗಡಿಯಲ್ಲಿ ಹೆಸರಿಟ್ಟು ಕೇಳಲಿ ಎಂದು ಹಾಕಿದ ಚಿತ್ರಗಳು ಅವು. ಮಾರ್ಕಿಗೂ ಮ್ಯಾಸ್ಕಾಟಿಗೂ ಒಂದು ವ್ಯತ್ಯಾಸವಿದೆ. ಮಾರ್ಕಿನ ಹುಲಿ ಸುಮ್ಮನೆ ನಿಂತಿರುತ್ತದೆ. ಮ್ಯಾಸ್ಕಾಟಿಗೆ ಸ್ವಭಾವವಿರುತ್ತದೆ. ಮಳೆ ಬಂದರೆ ಅದು ಏನು ಮಾಡುತ್ತದೆ, ಯಾರಾದರೂ ಬೈದರೆ ಹೇಗಿರುತ್ತದೆ ಎಂದು ಕೇಳಿದರೆ ಉತ್ತರ ಸಿಗಬೇಕು. ಸಿಗದಿದ್ದರೆ ಅದಿನ್ನೂ ಮಾರ್ಕೇ.

ಈ ದೇಶದಲ್ಲಿ ಆ ಉತ್ತರ ಚೆನ್ನಾಗಿ ಕೊಟ್ಟ ಮೊದಲಿಗರಲ್ಲಿ ಒಬ್ಬರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಮಹಾರಾಜಾ ಕಾಲೇಜಿನ ವಿದ್ಯಾರ್ಥಿ, ರಾಶಿಯವರ 'ಕೊರವಂಜಿ'ಗೆ ಚಿತ್ರ ಬರೆದವರು, ಆಮೇಲೆ ಮುಂಬೈ ಸೇರಿದವರು. 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗೆ ಅವರು ಒಬ್ಬ ತುಂಟ ಹುಡುಗನನ್ನು ಬರೆದುಕೊಟ್ಟರು. ಹಣೆಯ ಮೇಲೆ ಇಳಿಬಿದ್ದ ಕೂದಲು, ಕೈಯಲ್ಲಿ ಬಣ್ಣದ ಡಬ್ಬಿ, ಬಣ್ಣ ತೊಟ್ಟಿಕ್ಕುವ ಕುಂಚ. ಹೆಸರಿಡಲು ಕಂಪನಿ ಸಾರ್ವಜನಿಕರಿಗೆ ಸ್ಪರ್ಧೆ ಇಟ್ಟಿತು, ಬಹುಮಾನ 500 ರೂಪಾಯಿ. ಮುಂಬೈಯ ಇಬ್ಬರು ಸೂಚಿಸಿದ 'ಗಟ್ಟು' ಗೆದ್ದಿತು.

ಗಟ್ಟು ಯಾಕೆ ನಡೆದ ಎಂಬುದನ್ನು ಬಣ್ಣದಂಗಡಿಯಲ್ಲಿ ನಿಂತು ಯೋಚಿಸಬೇಕು. ಡಬ್ಬಿಯ ಮುಚ್ಚಳ ತೆಗೆದರೆ ಯಾವ ಕಂಪನಿಯದಾದರೂ ಬಿಳಿ ಬಿಳಿಯೇ. ಒಳ್ಳೆಯದೋ ಕೆಟ್ಟದ್ದೋ ತಿಳಿಯಲು ಎರಡು ಮಳೆಗಾಲ ಬೇಕು. ಕೊಳ್ಳಲು ಬರುತ್ತಿದ್ದವರೂ ಹೆಚ್ಚಾಗಿ ಮನೆಯ ಯಜಮಾನರಲ್ಲ, ಬಣ್ಣ ಬಳಿಯುವವರು. ಅವರಲ್ಲಿ ಇಂಗ್ಲಿಷ್ ಓದಬಲ್ಲವರು ಆ ಕಾಲದಲ್ಲಿ ಎಷ್ಟು ಮಂದಿ? ಮಾಲಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ, ಮಾರುವವನು ಬೇರೆಯವನು, ಕೊಳ್ಳುವವನು ಮತ್ತೆ ಮತ್ತೆ ಬರುತ್ತಾನೆ, ಹೆಸರು ಓದುವುದು ಕಷ್ಟ. ಈ ನಾಲ್ಕೂ ಒಟ್ಟಿಗೆ ಕೂಡಿದ ಕಡೆ ಮ್ಯಾಸ್ಕಾಟಿನಷ್ಟು ಕೆಲಸ ಮಾಡುವುದು ಬೇರೊಂದಿಲ್ಲ. "ಆ ಹುಡುಗನ ಡಬ್ಬಿ ಕೊಡ್ರಿ" ಅಂದರೆ ಮುಗಿಯಿತು.

2002ರಲ್ಲಿ ಕಂಪನಿ ಗಟ್ಟುವನ್ನು ಕೈಬಿಟ್ಟಿತು. ಲಕ್ಷ್ಮಣರ ಚಿತ್ರದಲ್ಲಿ ತಪ್ಪೇನೂ ಇರಲಿಲ್ಲ, ಗಿರಾಕಿ ಬದಲಾಗಿದ್ದ. ಬಣ್ಣ ಆರಿಸುವ ಕೆಲಸ ಪೇಂಟರನ ಕೈಯಿಂದ ಮನೆಯವರ ಕೈಗೆ ಬಂದಿತ್ತು. ಗಂಡ ಹೆಂಡತಿ ಶೇಡ್ ಕಾರ್ಡು ಹರಡಿಕೊಂಡು, ಹಾಲ್‌ಗೆ ಯಾವುದು, ಮಲಗುವ ಕೋಣೆಗೆ ಯಾವುದು ಎಂದು ಸಂಜೆಗಟ್ಟಲೆ ಚರ್ಚಿಸುತ್ತಿದ್ದರು. ಪೇಂಟರನಿಗೆ ಗೆಳೆಯನಂತಿದ್ದ ಹುಡುಗ ಆ ಮನೆಯೊಡತಿಗೆ ನೆಲದ ಮೇಲೆ ಬಣ್ಣ ಚೆಲ್ಲುವ ಪೋರನಾಗಿ ಕಂಡಿರಬೇಕು. ಇದು ನನ್ನ ಓದು. ಆದರೆ ಗಟ್ಟುವಿನ ಪ್ರಾಯದಲ್ಲಿ ನಿವೃತ್ತಿ ಸಿಗುವ ಬೇರೆ ಕಾರಣ ನನಗೆ ತೋಚುವುದಿಲ್ಲ.

ನಮ್ಮ ನಾಲ್ಕು ಊರುಗಳಿಗೆ ಇದೇ ಅಳತೆಗೋಲು ಹಿಡಿದು ನೋಡೋಣ. ಹಿರೇಕೆರೂರಿನ ರೈತ ಗೋವಿನಜೋಳದ ಬೀಜ ಕೊಳ್ಳುವಾಗ ಕೇಳುವುದು ತಳಿಯ ನಂಬರು. ಹೋದ ವರ್ಷ ಪಕ್ಕದ ಹೊಲದವನಿಗೆ ಎಕರೆಗೆ ಎಷ್ಟು ಚೀಲ ಬಂತು ಎಂಬುದೇ ಅವನಿಗೆ ಜಾಹೀರಾತು. ಚೀಲದ ಮೇಲೆ ನಗುವ ತೆನೆಯ ಗೊಂಬೆ ಹಾಕಿದರೆ ಲಾಭವಿಲ್ಲ. ಬೀಜ ಮೊಳೆಯದ ವರ್ಷ ಮಾತ್ರ ಆ ನಗು ಅವನ ಕಣ್ಣು ಕುಕ್ಕುತ್ತದೆ. ಹಾನಗಲ್ಲಿನ ಮಾವು ಲಾರಿಗಟ್ಟಲೆ ಸಗಟಿಗೆ ಹೋಗುವಾಗ ವ್ಯಾಪಾರಿ ನೋಡುವುದು ಗಾತ್ರ, ಕಾವು, ದರ. ಅಲ್ಲಿಯೂ ಗೊಂಬೆಗೆ ಕೆಲಸವಿಲ್ಲ.

ಸವಣೂರಿನಲ್ಲಿ ಕೆಲಸವಿದೆ. ಸವಣೂರು ಖಾರ ಎಂದರೆ ಹೊರಗಿನವರು ಮೆಣಸಿನಪುಡಿ ಅಂದುಕೊಳ್ಳುತ್ತಾರೆ. ಅದು ಕರಿದ ಕುರುಕಲು, ಚಹಾದ ಜೋಡಿ. ಅದನ್ನು ಮಾಡುವವರು ಹಲವರು, ಎಲ್ಲರ ಪಾಕೀಟಿನ ಮೇಲೂ 'ಸವಣೂರು ಖಾರ' ಎಂದೇ ಇರುತ್ತದೆ. ಊರ ಹೆಸರನ್ನು ಒಬ್ಬರು ತಮ್ಮದಷ್ಟೇ ಎಂದು ಕಟ್ಟಿಕೊಳ್ಳಲು ಬರುವುದಿಲ್ಲ. ಮಾಲು ಎಲ್ಲಿಯದು ಎಂದು ಹೇಳುವ ಬರಿಯ ಊರ ಹೆಸರನ್ನು 1999ರ ಟ್ರೇಡ್ ಮಾರ್ಕ್ ಕಾಯ್ದೆ ಸಾಮಾನ್ಯವಾಗಿ ನೋಂದಣಿಗೆ ಒಪ್ಪುವುದಿಲ್ಲ. ಅಂದ ಮೇಲೆ ಹುಬ್ಬಳ್ಳಿಯಲ್ಲಿ ಕುಳಿತ ಗಿರಾಕಿ ಹೋದ ಸಲ ತಿಂದದ್ದನ್ನೇ ಮತ್ತೆ ಹುಡುಕುವುದು ಹೇಗೆ? ಹೆಸರು ಎಲ್ಲರದು, ರುಚಿ ಪಾಕೀಟಿನ ಒಳಗೆ. ಒಂದು ಮುಖ ಬೇಕು.

ಸವಣೂರಿನಲ್ಲಿ ಅಂಥದೊಂದು ಖಾರದ ಅಂಗಡಿ ಇದೆ ಎಂದು ಇಟ್ಟುಕೊಳ್ಳೋಣ, ಕಲ್ಪನೆಯ ಅಂಗಡಿ. ಅದಕ್ಕೆ ಮ್ಯಾಸ್ಕಾಟ್ ಮಾಡುವ ಕೆಲಸ ನಮ್ಮ ಮೇಲೆ ಬಿದ್ದಿದೆ.

ಎಲ್ಲರಿಗೂ ಮೊದಲು ಹೊಳೆಯುವುದು ಮೀಸೆ ಹೊತ್ತು, ರುಮಾಲು ಸುತ್ತಿದ ಯಜಮಾನ. ನಾನು ಬೇಡ ಅನ್ನುತ್ತೇನೆ. ನಮ್ಮಲ್ಲಿ ರುಮಾಲಿನ ಸುತ್ತು, ಹಣೆಯ ಗುರುತು, ಮೀಸೆಯ ತಿರುವು ಎಲ್ಲವೂ ಜಾತಿ ಹೇಳುತ್ತವೆ. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಗುಡಿ, ಮಠ, ಮಸೀದಿ ಎಲ್ಲದರ ಮಂದಿ ಖಾರ ತಿನ್ನುತ್ತಾರೆ. ಎರಡನೆಯದಾಗಿ ಹೊಳೆಯುವುದು ಅಲ್ಲಿಯ ಮಠದ ಆವರಣದ ಮೂರು ದೊಡ್ಡಹುಣಸೆ ಮರ, ಅಂದರೆ ಬಾವೋಬಾಬ್. ಡೊಳ್ಳುಹೊಟ್ಟೆಯ ಆ ಕಾಂಡಕ್ಕೆ ಕಣ್ಣು ಮೂಗು ಇಟ್ಟರೆ ಬೇರೆ ಗೊಂಬೆಯೇ ಬೇಡ. ಆದರೆ ಜನ ಕೈಮುಗಿಯುವ ಮರದ ಬಾಯಿಗೆ ಕುರುಕಲು ತುರುಕುವುದು ಸರಿಯಲ್ಲ. ನಾಳೆ ಯಾರಿಗಾದರೂ ನೋವಾದರೆ ಪಾಕೀಟು ಹಿಂದಕ್ಕೆ ಪಡೆಯಬೇಕಾಗುತ್ತದೆ.

ಗಿಣಿ ಆದೀತು. ಗಿಣಿ ಹಳೆಯ ಮಾರ್ಕು, ಸವೆದ ಮಾರ್ಕು, ಒಪ್ಪುತ್ತೇನೆ. ಆದರೆ ಖಾರಕ್ಕೂ ಗಿಣಿಗೂ ಒಂದು ನಿಜವಾದ ಸಂಬಂಧವಿದೆ. ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ನಮ್ಮ ಬಾಯಲ್ಲಿ ಬಿಸಿ ತಾಕಿದಾಗ ಕೆರಳುವ ನರಗಳೇ ಇದಕ್ಕೂ ಕೆರಳುತ್ತವೆ. ಹಕ್ಕಿಗಳ ನರ ಅದಕ್ಕೆ ಸ್ಪಂದಿಸುವುದಿಲ್ಲ. ಅದಕ್ಕೇ ಗಿಣಿ ಹಸಿಮೆಣಸು ಮುರಿದು ಆರಾಮವಾಗಿ ತಿನ್ನುತ್ತದೆ. ಇಲ್ಲಿ ಸ್ವಭಾವ ಸಿಕ್ಕಿತು. ಸುತ್ತಲಿನವರ ಕಣ್ಣು ಮೂಗು ಸೋರುತ್ತಿರುವಾಗ ಈ ಗಿಣಿ ಮಾತ್ರ ಮುಖದ ಒಂದು ಗೆರೆಯೂ ಅಲುಗದೆ ತಿನ್ನುತ್ತಾ ಕೂತಿರುತ್ತದೆ. ಅದು ಎಂದೂ ಮಾಲನ್ನು ಹೊಗಳುವುದಿಲ್ಲ, ಹೊಗಳುವವರನ್ನು ನೋಡಿ ಆಶ್ಚರ್ಯಪಡುತ್ತದೆ. ಪೆನ್ಸಿಲ್ ಹಿಡಿಯುವ ಮೊದಲು ಇಷ್ಟು ಬರೆದಿಟ್ಟುಕೊಳ್ಳಬೇಕು: ಇದು ಯಾವಾಗಲೂ ಏನು ಮಾಡುತ್ತದೆ, ಎಂದೂ ಏನು ಮಾಡುವುದಿಲ್ಲ. ಇಪ್ಪತ್ತು ವರ್ಷದ ಮೇಲೆ ಹೊಸಬನೊಬ್ಬ ಬಂದು ಗಿಣಿಯನ್ನು ಕುಣಿಸಲು ಹೊರಟಾಗ ತೆಗೆದು ತೋರಿಸಲು ಈ ಎರಡು ಸಾಲು ಬೇಕಾಗುತ್ತವೆ.

ಇನ್ನು ಆಕಾರ. ಬರೆದ ಗಿಣಿಯ ಒಳಗೆಲ್ಲ ಕಪ್ಪು ತುಂಬಿ, ಬರಿಯ ನೆರಳಿನಂತೆ ಮಾಡಿ ನೋಡಬೇಕು. ಆ ಕಪ್ಪು ಆಕಾರ ನೋಡಿದವರು ಬರಿಯ 'ಗಿಣಿ' ಅಂದರೆ ಕೆಲಸ ಅರ್ಧ ಆಗಿದೆ. 'ಅದೇ ಗಿಣಿ' ಅನ್ನಬೇಕು. ನಮ್ಮ ಮೊದಲ ತೊಂದರೆ ಬಾಲ. ಈ ಸೀಮೆಯ ಗಿಣಿಗೆ ಬಾಲ ಮೈಯಷ್ಟೇ ಉದ್ದ. ಅದನ್ನು ಇದ್ದ ಹಾಗೇ ಬರೆದರೆ ಪಾಕೀಟಿನ ಉದ್ದವನ್ನೆಲ್ಲ ಬಾಲವೇ ತಿಂದು ಮುಖ ಹುಣಸೆಬೀಜದಷ್ಟಾಗುತ್ತದೆ. ಬಾಲ ಮೊಟಕು ಮಾಡಿದರೆ ಗಿಣಿ ಹೋಗಿ ಕೋಳಿಮರಿಯಾಗುತ್ತದೆ. ಆದ್ದರಿಂದ ಬಾಲವನ್ನು ಪಕ್ಕಕ್ಕೆ ತಂದು ಕೊಂಡಿಯಂತೆ ಮೇಲಕ್ಕೆ ಮಡಚುತ್ತೇವೆ. ಜಾಗ ಉಳಿಯಿತು, ಮೇಲಾಗಿ ಬೇರೆ ಯಾವ ಗಿಣಿ ಮಾರ್ಕಿಗೂ ಇಲ್ಲದ ಗುರುತು ಸಿಕ್ಕಿತು. ಒಳ್ಳೆಯ ಗುರುತುಗಳು ಹೆಚ್ಚಿನ ಸಲ ಹೀಗೆ ಇಕ್ಕಟ್ಟಿನಲ್ಲೇ ಹುಟ್ಟುತ್ತವೆ. ಒಂದು ಕಾಲಿನಲ್ಲಿ ಮೆಣಸಿನಕಾಯಿ ಹಿಡಿದಿರಲಿ, ಗಿಣಿ ತಿನ್ನುವುದೇ ಹಾಗೆ. ಯಾವ ಕಾಲು ಎಂದು ಮೊದಲ ದಿನವೇ ತೀರ್ಮಾನಿಸಬೇಕು. ಎಡಗಾಲು ಎಂದರೆ ಎಂದೆಂದಿಗೂ ಎಡಗಾಲು.

ಗಾತ್ರದ ಪರೀಕ್ಷೆ ಎರಡು. ಒಂದೂವರೆ ಸೆಂಟಿಮೀಟರಿಗೆ ಕುಗ್ಗಿಸಿ, ತೋಳುದ್ದ ದೂರದಲ್ಲಿ ಹಿಡಿದು ನೋಡಬೇಕು. ಬಿಲ್ಲಿನ ಮೂಲೆಯಲ್ಲಿ ಅದು ಅಷ್ಟೇ ಇರುತ್ತದೆ. ಆಮೇಲೆ ಗೋಡೆಗೆ ಅಂಟಿಸಿ ರಸ್ತೆಯ ಆಚೆಯಿಂದ ನೋಡಬೇಕು. ಎರಡರಲ್ಲೂ ಕಣ್ಣು ಮತ್ತು ಕೊಕ್ಕು ಕಾಣಬೇಕು. ಗರಿಗಳ ನಡುವಿನ ಸಣ್ಣ ಗೆರೆಗಳು ಮೊದಲ ಪರೀಕ್ಷೆಯಲ್ಲೇ ಮಸಿಯ ಗಂಟಾಗುತ್ತವೆ, ಅವನ್ನು ಅಳಿಸಿಬಿಡುವುದು ಮೇಲು.

ಬಣ್ಣದಲ್ಲಿ ಒಂದು ಬಲೆ ಇದೆ, ಹೊಸಬರು ತಪ್ಪದೆ ಬೀಳುವ ಬಲೆ. ಹಸಿರು ಮೈ, ಕೆಂಪು ಕೊಕ್ಕು; ಕಂಪ್ಯೂಟರಿನಲ್ಲಿ ನೋಡಲು ಎಷ್ಟು ಚೆಂದ! ಅದೇ ಚಿತ್ರವನ್ನು ರಟ್ಟಿನ ಡಬ್ಬದ ಮೇಲೆ ಒಂದೇ ಬಣ್ಣದಲ್ಲಿ ಮುದ್ರಿಸಿದಾಗ ಕೊಕ್ಕೇ ಕಾಣೆಯಾಗುತ್ತದೆ. ಹಸಿರು, ಕೆಂಪು ಎರಡರ ಗಾಢತೆಯೂ ಒಂದೇ ಮಟ್ಟದಲ್ಲಿದ್ದರೆ ಕಪ್ಪು ಬಿಳುಪಿನಲ್ಲಿ ಅವು ಒಂದೇ ಬೂದಿ ಬಣ್ಣ. ಹಾಗಾಗಿ ಕೊಕ್ಕಿನ ಸುತ್ತ ಬಿಳಿಯ ಒಂದು ಅಂಚು ಬಿಡಬೇಕು. ಒಂಟಿಬಣ್ಣದ ಗಿಣಿಯನ್ನು ಕಂಪ್ಯೂಟರ್ ತಾನೇ ಮಾಡಿಕೊಡಲಿ ಎಂದು ಬಿಡದೆ ಬೇರೆಯಾಗಿ ಕೈಯಿಂದ ಬರೆಯಬೇಕು. ಪಾಕೀಟು ಮುದ್ರಿಸುವಾಗ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರು ತಿರುಗುತ್ತದೆ. ಒಂದು ಕೂದಲೆಳೆಯಷ್ಟು ಸರಿದರೂ ಹಸಿರು ಗೆರೆ ದಾಟಿ ಆಚೆ ಬರುತ್ತದೆ. ಸುತ್ತಲಿನ ಕಪ್ಪು ಗೆರೆ ದಪ್ಪವಾಗಿದ್ದರೆ ಈ ಸರಿದಾಟವನ್ನು ಅದು ನುಂಗಿಕೊಳ್ಳುತ್ತದೆ. ಇನ್ನು ಬಿಸಿಲು. ಅಂಗಡಿ ಮುಂದಿನ ಫ್ಲೆಕ್ಸು ಎರಡು ಬೇಸಿಗೆ ಕಂಡರೆ ಕೆಂಪು ಮತ್ತು ಹಳದಿ ಮೊದಲು ಸೋಲುತ್ತವೆ, ನೀಲಿ ಮತ್ತು ಕಪ್ಪು ಉಳಿಯುತ್ತವೆ. ಹಳೆಯ ಫ್ಲೆಕ್ಸುಗಳಲ್ಲಿ ಪುಢಾರಿಗಳೆಲ್ಲ ನೀಲಿಗಟ್ಟಿ ಕಾಣುವುದು ಇದಕ್ಕೇ. ನಮ್ಮ ಗಿಣಿಯೂ ನೀಲಿಯಾಗುತ್ತದೆ, ತಪ್ಪಿಸಲಾಗದು. ನೀಲಿಯಾದಾಗಲೂ ಗೆರೆಯಿಂದಲೇ ಗುರುತು ಸಿಗುವಂತಿರಬೇಕು, ಅಷ್ಟೆ.

ಗಿಣಿ ಹುಟ್ಟಿತು. ಕಷ್ಟ ಇರುವುದು ಇನ್ನು ಮುಂದೆ.

ಹಾನಗಲ್ಲಿನ ಪೇಂಟರನೊಬ್ಬ ಪಾಕೀಟು ನೋಡಿಕೊಂಡು ಗೋಡೆಯ ಮೇಲೆ ಗಿಣಿ ಬರೆಯುತ್ತಾನೆ. ಹಿರೇಕೆರೂರಿನ ಪೇಂಟರ್ ಆ ಗೋಡೆಯ ಫೋಟೊ ನೋಡಿ ಬರೆಯುತ್ತಾನೆ. ಶಿಗ್ಗಾಂವಿಯ ಫ್ಲೆಕ್ಸ್ ಅಂಗಡಿಯ ಹುಡುಗ ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರವನ್ನು ಬೋರ್ಡಿನ ಅಗಲಕ್ಕೆ ಹೊಂದಲೆಂದು ಎರಡೂ ಕಡೆ ಎಳೆಯುತ್ತಾನೆ. ಯಾರೂ ತಪ್ಪು ಮಾಡಬೇಕೆಂದು ಮಾಡಿದ್ದಲ್ಲ. ಒಬ್ಬೊಬ್ಬರೂ ಸೇರಿಸಿದ್ದು ಎಳ್ಳಷ್ಟು. ಐದು ವರ್ಷದಲ್ಲಿ ಗಿಣಿ ದಪ್ಪಗಾಗಿರುತ್ತದೆ, ಬಾಲದ ಕೊಂಡಿ ನೆಟ್ಟಗಾಗಿರುತ್ತದೆ, ಮುಖದಲ್ಲಿ ಯಾರೋ ಒಂದು ನಗು ಕೂರಿಸಿರುತ್ತಾರೆ. ನಗದ ಗಿಣಿ ನಕ್ಕ ಮೇಲೆ ಅದು ಬೇರೆ ಗಿಣಿ.

ಇದಕ್ಕೆ ಪರಿಹಾರವನ್ನು ನಮ್ಮ ಶಿಲ್ಪಿಗಳು ಯಾವಾಗಲೋ ಕಂಡುಕೊಂಡಿದ್ದರು. ಹಾನಗಲ್ಲಿನ ತಾರಕೇಶ್ವರ ಗುಡಿಯಂಥ ಗುಡಿಗಳ ಕಾಲದಲ್ಲಿ ಫೋಟೊ ಇರಲಿಲ್ಲ, ಆದರೂ ಊರೂರಿನ ಶಿಲ್ಪಗಳಲ್ಲಿ ದೇವರ ಮೈಕಟ್ಟು ಅಳತೆ ತಪ್ಪುತ್ತಿರಲಿಲ್ಲ. ಅವರು ಮೂರ್ತಿಯನ್ನು ಅಂಗುಲ, ಗೇಣಿನಿಂದ ಅಳೆಯದೆ ಆ ಮೂರ್ತಿಯ ಮುಖದಿಂದಲೇ ಅಳೆಯುತ್ತಿದ್ದರು. ಮುಖದ ಉದ್ದ ಒಂದು ತಾಲ. ನವತಾಲ ಎಂದರೆ ಅಂಥ ಒಂಬತ್ತು ಮುಖದಷ್ಟು ಎತ್ತರ. ಮೂರ್ತಿ ಗೇಣುದ್ದ ಇರಲಿ, ಆಳೆತ್ತರ ಇರಲಿ, ಲೆಕ್ಕ ಕೆಡುವುದಿಲ್ಲ. ನಮ್ಮ ಗಿಣಿಗೂ ಒಂದು ತಾಲ ಕೊಡೋಣ, ಅದರ ಕಣ್ಣು. ಕಣ್ಣಿನ ಅಗಲ ಒಂದು ಪಾಲು ಎಂದಿಟ್ಟುಕೊಂಡರೆ ಕೊಕ್ಕು ಎರಡು ಪಾಲು, ತಲೆ ಐದು ಪಾಲು, ತಲೆ ಸೇರಿ ಒಟ್ಟು ಎತ್ತರ ಹನ್ನೆರಡು. ಕೈಯಲ್ಲೊಂದು ದಾರ, ಒಂದು ಸುಣ್ಣದ ಕಡ್ಡಿ ಇದ್ದರೆ ಯಾವ ಪೇಂಟರನೂ ಯಾವ ಗೋಡೆಯ ಮೇಲೂ ಅದೇ ಗಿಣಿಯನ್ನು ಎಬ್ಬಿಸಬಲ್ಲ.

ಈ ಅಳತೆ ಒಂದು ಹಾಳೆಯಲ್ಲಿ ಇರಬೇಕು. ಕಾರ್ಟೂನು ಚಿತ್ರ ಮಾಡುವವರು ಅದನ್ನು ಮಾಡೆಲ್ ಶೀಟ್ ಅನ್ನುತ್ತಾರೆ. ಎದುರಿನಿಂದ, ಓರೆಯಿಂದ, ಪಕ್ಕದಿಂದ, ಹಿಂದಿನಿಂದ, ಹೀಗೆ ನಾಲ್ಕು ನೋಟ. ಹಿಂದಿನ ನೋಟ ಯಾಕೆ ಎಂದು ಕೇಳುವವರಿಗೆ ಜಾತ್ರೆಯಲ್ಲಿ ಗಿಣಿಯ ವೇಷ ಹೊಲಿಸುವ ದಿನ ತಿಳಿಯುತ್ತದೆ. ಬಣ್ಣದ ಹೆಸರನ್ನು ಎರಡು ರೀತಿ ಬರೆದಿರಬೇಕು. ಮುದ್ರಣಕ್ಕೆ ಶಾಯಿಯ ಪ್ರಮಾಣ, ಗೋಡೆಗೆ ಅಂಗಡಿಯಲ್ಲಿ ಕೇಳಬೇಕಾದ ಎನಾಮಲ್ ಶೇಡಿನ ನಂಬರು. ಬರಿಯ 'ಗಿಣಿ ಹಸಿರು' ಎಂದು ಬರೆದರೆ ಊರಿಗೊಂದು ಹಸಿರಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಹಾಳೆಯ ಕೊನೆಯ ಸಾಲು, ತಪ್ಪು ಗಿಣಿಗಳ ಸಾಲು: ನಗುವ ಗಿಣಿ, ಎಳೆದ ಗಿಣಿ, ಬಲಗಾಲಿನ ಗಿಣಿ, ಟೋಪಿ ಹಾಕಿದ ಗಿಣಿ, ಒಂದೊಂದರ ಮೇಲೂ ಕಾಟು. ಸರಿಯಾದ ಗಿಣಿಯನ್ನು ನೋಡಿ ಮನುಷ್ಯ 'ಹೀಗೇ ಬರೆದಿದ್ದೇನಲ್ಲ' ಎಂದು ತನ್ನನ್ನೇ ಒಪ್ಪಿಸಿಕೊಳ್ಳುತ್ತಾನೆ. ತಪ್ಪಿನ ಪಕ್ಕ ತನ್ನದು ಕಂಡಾಗ ಹಾಗೆ ಮಾಡಲಾಗುವುದಿಲ್ಲ.

ಮಾತಿಗೂ ಇಂಥದೇ ಹಾಳೆ ಬೇಕು. ಗಿಣಿ ಮಾತಾಡುವುದಾದರೆ ಹಾವೇರಿ ಕಡೆಯ ಮಾತನ್ನೇ ಆಡಲಿ. ಯಾರಿಗಾದರೂ 'ರೀ' ಹಚ್ಚಿಯೇ ಮಾತಾಡಬೇಕು, ಚಿಕ್ಕ ಹುಡುಗನಿಗೂ. "ಖಾರ ಆತೇನ್ರೀ?" ಎಂದು ಕೇಳುವ ಗಿಣಿ ಮುಂದಿನ ವರ್ಷ ಬೆಂಗಳೂರಿನ ಜಾಹೀರಾತಿನವರ ಕೈಗೆ ಸಿಕ್ಕು "ಏನ್ ಗುರು, ಖಾರ ಆಯ್ತಾ?" ಅಂದರೆ ಚಿತ್ರ ಎಷ್ಟು ಸರಿಯಾಗಿದ್ದರೂ ಪ್ರಯೋಜನವಿಲ್ಲ. ಹಕ್ಕಿ ಹಾರಿಹೋಗಿರುತ್ತದೆ.

ಇದನ್ನೆಲ್ಲ ದಶಕಗಟ್ಟಲೆ ಕಾಯ್ದ ಮನೆ ಅಮುಲ್‌ನದು. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಅವರ ಯೋಚನೆ, ಯೂಸ್ಟೇಸ್ ಫರ್ನಾಂಡಿಸ್ ಅವರ ಕೈ. ಚುಕ್ಕಿ ಲಂಗದ ಆ ಹುಡುಗಿಯ ಕೂದಲು ನೀಲಿ, ಜುಟ್ಟಿಗೆ ರಿಬ್ಬನ್ನು, ಮುಖಕ್ಕೆ ಮೂಗೇ ಇಲ್ಲ. ಮೂಗಿಲ್ಲದ್ದನ್ನು ಎಷ್ಟು ಮಂದಿ ಗಮನಿಸಿದ್ದೀರಿ? ಅವಳ ಸುತ್ತ ಪ್ರಧಾನಿಗಳು ಬದಲಾದರು, ಕ್ರಿಕೆಟ್ ತಂಡಗಳು ಬದಲಾದವು, ಬರೆಯುವ ಕಲಾವಿದರೂ ಬದಲಾದರು. ಜಾಹೀರಾತು ವಾರ ವಾರವೂ ಹೊಸದು, ಹುಡುಗಿ ಮಾತ್ರ ಹಳೆಯವಳು. ಆದರೆ ಅಲ್ಲಿಯ ಗುಟ್ಟು ಬರಿಯ ಹಾಳೆಯಲ್ಲಿಲ್ಲ. ಕೆಲಸ ಒಂದೇ ಸಂಸ್ಥೆಯಲ್ಲಿ ಉಳಿಯಿತು. ಸಿಲ್ವೆಸ್ಟರ್ ಅವರ ನಂತರ ಮಗ ರಾಹುಲ್ ಡಕುನ್ಹಾ ಅದನ್ನು ಮುಂದುವರಿಸಿದರು. ವರ್ಷ ವರ್ಷ ಏಜೆನ್ಸಿ ಬದಲಿಸುವ ಕಂಪನಿಯ ಮ್ಯಾಸ್ಕಾಟ್ ವರ್ಷ ವರ್ಷ ಹೊಸ ಮಲತಾಯಿಯ ಕೈಗೆ ಬಿದ್ದ ಕೂಸಿನಂತೆ. ಸಣ್ಣ ಅಂಗಡಿಯಲ್ಲಿಯೂ 'ಗಿಣಿಯ ಕೇಸು ನನ್ನದು' ಎನ್ನುವವರು ಒಬ್ಬರು ಇರಬೇಕು, ಯಜಮಾನರ ಮಗಳೋ ಅಳಿಯನೋ. ಪ್ರತಿ ಹೊಸ ಚಿತ್ರವೂ ಅವರ ಕಣ್ಣಿಗೆ ಬಿದ್ದೇ ಪ್ರೆಸ್ಸಿಗೆ ಹೋಗಬೇಕು. ವರ್ಷಕ್ಕೊಮ್ಮೆ, ಆಯುಧ ಪೂಜೆಯ ದಿನವೆಂದು ಬೇಕಾದರೆ ಇಟ್ಟುಕೊಳ್ಳಿ, ಹಳೆಯ ಪಾಕೀಟುಗಳನ್ನು ವರ್ಷದ ಕ್ರಮದಲ್ಲಿ ಸಾಲಾಗಿ ಹರಡಿ, ಕಣ್ಣು ಅರೆಮುಚ್ಚಿ ನೋಡಬೇಕು. ಪಕ್ಕಪಕ್ಕದ ಎರಡು ವರ್ಷಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗೆ ಹಿಡಿದಾಗ ಕೊಕ್ಕು ಎಷ್ಟು ಬೆಳೆದಿದೆ ಎಂದು ಗೊತ್ತಾಗುತ್ತದೆ.

ಏನನ್ನೂ ಬದಲಿಸಬಾರದೆಂದಲ್ಲ. ಫ್ರಾನ್ಸಿನ ಮಿಶೆಲಿನ್ ಟಯರು ಕಂಪನಿಯ ಟಯರ್ ಮನುಷ್ಯ 1898ರಲ್ಲಿ ಹುಟ್ಟಿದಾಗ ಧಡೂತಿ ಸಾಹುಕಾರ, ಕನ್ನಡಕ ಹಾಕಿಕೊಂಡು ಸಿಗಾರು ಸೇದುತ್ತಿದ್ದ. ಸಿಗಾರು ಹೋಯಿತು, ಕನ್ನಡಕ ಹೋಯಿತು, ಮೈ ಇಳಿಯಿತು. ಆದರೆ ಬಿಳಿಯ ಬಣ್ಣ ಹೋಗಲಿಲ್ಲ. ಅವನು ಬಿಳಿಯಾಗಿದ್ದದ್ದು ಆ ಕಾಲದ ಟಯರುಗಳು ಬಿಳಿಚಿಕೊಂಡಿರುತ್ತಿದ್ದವು ಎಂಬ ಕಾರಣಕ್ಕೆ. ರಬ್ಬರಿಗೆ ಮಸಿ ಬೆರೆಸಲು ಶುರುವಾಗಿ ಟಯರು ಕಪ್ಪಾದ ಮೇಲೂ ಅವನನ್ನು ಯಾರೂ ಕಪ್ಪು ಮಾಡಲಿಲ್ಲ. ಜನ ಅವನನ್ನು ಗುರುತಿಸುವುದು ಬಿಳಿಯ ಬಳೆಗಳ ಮೈಯಿಂದ, ಸಿಗಾರಿನಿಂದ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಗಿಣಿಯಲ್ಲಿ ಮಡಚಿದ ಬಾಲ, ಎಡಗಾಲ ಮೆಣಸಿನಕಾಯಿ, ಅಲುಗದ ಮುಖ ಇವು ಮೂರಕ್ಕೆ ಕೈ ಹಚ್ಚಬಾರದು. ರೆಕ್ಕೆಯ ಗರಿ ನಾಲ್ಕೋ ಐದೋ ಯಾರು ಎಣಿಸುತ್ತಾರೆ? ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆಯ ಪಾಕೀಟುಗಳು ಅಂಗಡಿಗಳಿಂದ ಪೂರ್ತಿ ಖಾಲಿಯಾಗುವವರೆಗೆ ಕಾಯಬೇಕು.

ಚಿತ್ರವೆಲ್ಲ ಸರಿಯಿದ್ದೂ ಕಾಗದ ಸರಿಯಿಲ್ಲದೆ ಕೆಟ್ಟವರಿದ್ದಾರೆ. ಹೊರಗಿನ ಕಲಾವಿದನಿಂದ ಚಿತ್ರ ಬರೆಸಿ ಹಣ ಕೊಟ್ಟ ಮಾತ್ರಕ್ಕೆ ಆ ಚಿತ್ರದ ಹಕ್ಕೆಲ್ಲ ತಮ್ಮದಾಯಿತೆಂದು ಅಂಗಡಿಯವರು ತಿಳಿದಿರುತ್ತಾರೆ. ಹಾಗೆ ತಿಳಿದು ಕೂರುವುದು ಅಪಾಯ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅದರಲ್ಲೂ ಒಂದು ಸಣ್ಣ ಗುಂಡಿಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಎಷ್ಟು ಕಾಲಕ್ಕೆ ಎಂದು ಆ ಪತ್ರದಲ್ಲಿ ಬರೆಯದಿದ್ದರೆ ಅದು ಐದೇ ವರ್ಷಕ್ಕೆ ಎಂದು ಲೆಕ್ಕ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಗಿಣಿ ಹೆಸರು ಮಾಡಿ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಆರನೇ ವರ್ಷ ಬರುತ್ತದೆ! ಕಾಯ್ದೆಯಲ್ಲಿರುವ ಪೂರ್ತಿ ಅವಧಿಗೆ, ಜಗತ್ತಿನ ಎಲ್ಲ ಕಡೆಗೆ ಎಂದು ಬರೆಸಿಕೊಳ್ಳಬೇಕು, ಕಲಾವಿದನಿಗೆ ಅದಕ್ಕೆ ತಕ್ಕ ಹಣವನ್ನೂ ಕೊಡಬೇಕು. ಟ್ರೇಡ್ ಮಾರ್ಕ್ ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ಮತ್ತೆ ಮತ್ತೆ ನವೀಕರಿಸುತ್ತ ಹೋಗಬಹುದು. ನವೀಕರಣದ ತಾರೀಖನ್ನು ಮಾಡೆಲ್ ಶೀಟಿನ ಬೆನ್ನಿಗೇ ಬರೆದಿಡುವುದು ಒಳ್ಳೆಯದು. ಗೋಡೆಯ ಕ್ಯಾಲೆಂಡರನ್ನು ಹೊಸ ವರ್ಷಕ್ಕೆ ಕಿತ್ತೆಸೆಯುತ್ತಾರೆ.

ಸ್ವಂತ ಪಾತ್ರ ಹುಟ್ಟಿಸುವ ಗೋಜು ಬೇಡ, ಮಂದಿಗೆ ಗೊತ್ತಿರುವವರನ್ನೇ ತರೋಣ ಎಂಬ ದಾರಿಯೂ ಇದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಹಾಗೇ ಮಾಡಿದರು. ಕಡಿಮೆ ದರದ ವಿಮಾನಕ್ಕೆ ಲಕ್ಷ್ಮಣರ 'ಕಾಮನ್ ಮ್ಯಾನ್'ಗಿಂತ ತಕ್ಕ ಪ್ರಯಾಣಿಕ ಇನ್ನಾರು? ಚೌಕಳಿ ಕೋಟು, ಧೋತರದ ಆ ಮುದುಕ ಪತ್ರಿಕೆಯ ಮೂಲೆಯಲ್ಲಿ ಅರ್ಧ ಶತಮಾನ ಬಾಯಿಬಿಡದೆ ನಿಂತು ಗಳಿಸಿದ ನಂಬಿಕೆ ಒಂದೇ ದಿನಕ್ಕೆ ವಿಮಾನಕ್ಕೆ ಸಿಕ್ಕಿತು. ಹೊಸ ಪಾತ್ರಕ್ಕೆ ಅದು ಹತ್ತು ವರ್ಷದ ದುಡಿಮೆ. ಆದರೆ ಅವನು ಬಂದವನು ನೆಂಟನಾಗಿ. ಕಂಪನಿ ಕಿಂಗ್‌ಫಿಷರ್ ತೆಕ್ಕೆಗೆ ಹೋದ ಮೇಲೆ ಆ ಮುದುಕನ ಜಾಗಕ್ಕೆ ಮಿಂಚುಳ್ಳಿ ಹಕ್ಕಿ ಬಂತು, ಕೆಲವು ವರ್ಷಗಳಲ್ಲಿ ಆ ಹಕ್ಕಿಯೂ ಹಾರಾಟ ನಿಲ್ಲಿಸಿತು. ವಿಮಾನ ಸಂಸ್ಥೆಗಳೆರಡೂ ಹೋದವು. ಮುದುಕ ಮಾತ್ರ ಕಂಚಿನ ಮೂರ್ತಿಯಾಗಿ ಪುಣೆಯಲ್ಲಿ ಇವತ್ತಿಗೂ ನಿಂತಿದ್ದಾನೆ.

ಶಿಗ್ಗಾಂವಿಯ ಚಹಾದಂಗಡಿಯಲ್ಲಿ ನಾನು ಹಿರಿಯರಿಗೆ ಇಷ್ಟೆಲ್ಲ ಹೇಳಲಿಲ್ಲ. ಮಗನ್‌ಲಾಲ್ ದೈಯಾ ಅವರ ಹೆಸರನ್ನಷ್ಟೇ ಇನ್ನೊಮ್ಮೆ ಹೇಳಿ, ಅದು ಬರೆದ ಚಿತ್ರ ಎಂದೆ. ಅವರು ಪ್ಯಾಕೆಟ್ಟನ್ನು ಕೈಗೆ ತಗೊಂಡು, ಕನ್ನಡಕ ಏರಿಸಿ, ಕೂಸಿನ ಮುಖ ನೋಡಿದರು.

"ಬರದಿದ್ದು ಇರಬಹುದ್ರೀ," ಅಂದರು. "ಯಾರನ್ನ ನೋಡಿ ಬರದ್ರು?"

ಪ್ಯಾಕೆಟ್ಟಿನಿಂದ ಎರಡು ಬಿಸ್ಕತ್ತು ತೆಗೆದುಕೊಂಡು ಒಂದನ್ನು ಚಹಾದಲ್ಲಿ ಅದ್ದಿದರು.